ಬಾವಿಯ ಪುಟ

ನರಸಾಪುರದ ಪ್ಲಂಬರ್ ಬಚ್ಚಪ್ಪ ಹಠಮಾರಿ. ತನ್ನ ವೆಬ್‌ಸೈಟಿಗೆ ಉದ್ದನೆಯ ಒಂದೇ ಪುಟ ಸಾಕೆಂದಿದ್ದ. ಸೈಟು ಮಾಡಿಕೊಡುವ ಕೋಲಾರದ ಶ್ವೇತ ಒಪ್ಪಲಿಲ್ಲ.

"ಒಂದೊಂದು ಕೆಲಸಕ್ಕೂ ಬೇರೆ ಪುಟ ಇದ್ರೆ ಹುಡುಕೋರಿಗೆ ಸುಲಭವಾಗಿ ಸಿಗುತ್ತೆ, ಅಣ್ಣ. ಯಾವ ಪುಟ ಯಾವಾಗ ನೋಡಿದ್ರು ಅಂತಾನೂ ಗೊತ್ತಾಗುತ್ತೆ."

ಬೇರೆ ಬೇರೆ ಪುಟ ಮಾಡಿಕೊಟ್ಟು ತಿಂಗಳಾದ ಮೇಲೆ ಅವಳು ಅಂಕಿಅಂಶ ತೋರಿಸಿದಳು. ನಲ್ಲಿ, ಟ್ಯಾಂಕ್ ಪುಟಗಳನ್ನು ಹತ್ತಾರು ಜನ ನೋಡಿದ್ದರು. ಬಾವಿಗಿಳಿದು ಪೈಪ್ ಸರಿಮಾಡುವ ಪುಟವನ್ನು ಮಾತ್ರ ದಿನಾ ಬೆಳಗ್ಗೆ ಹನ್ನೊಂದು ಗಂಟೆಗೆ ಯಾರೋ ಒಬ್ಬರೇ ತೆರೆಯುತ್ತಿದ್ದರು. ಆ ಕೆಲಸಕ್ಕೆಂದು ಒಂದು ಫೋನೂ ಬಂದಿರಲಿಲ್ಲ.

ಹೋದ ವರ್ಷ ಬಚ್ಚಪ್ಪನ ತಮ್ಮ ಮುನಿಕೃಷ್ಣ ಬಾವಿಯೊಳಗೆ ಉಸಿರುಗಟ್ಟಿ ಸತ್ತದ್ದು ಬೆಳಗ್ಗೆ ಅದೇ ಹನ್ನೊಂದು ಗಂಟೆಗೆ.

ಬಚ್ಚಪ್ಪನ ಮುಖ ನೋಡಿ ಶ್ವೇತ ಕೇಳಿದಳು, "ಆ ಪುಟ ತೆಗೆದುಬಿಡ್ಲಾ?"

"ಬೇಡಮ್ಮ. ಎಲ್ಲಾ ಒಂದೇ ಪುಟಕ್ಕೆ ಸೇರಿಸ್ಬಿಡು. ಅವನು ಬರ್ಲಿ. ಬಂದಿದ್ದು ನಂಗೆ ಗೊತ್ತಾಗ್ಬಾರ್ದು."