ಪಂಪ್‌ಹೌಸ್ ಮಾವನ ಪೂರ್ತಿ ಪಿಂಚಣಿ

ನೀರು ಸರಬರಾಜು ಕಚೇರಿಯಲ್ಲಿ ಪಂಪ್ ಓಡಿಸಿ ನಿವೃತ್ತರಾದ ಅವರನ್ನು ಬೀದಿಯವರೆಲ್ಲ ಪಂಪ್‌ಹೌಸ್ ಮಾವ ಎಂದೇ ಕರೆಯುತ್ತಿದ್ದರು. ಸರ್ಕಾರ ಕೊಡುತ್ತೇನೆಂದರೂ ಅನುಮಾನ, ಕೊಡುವುದಿಲ್ಲವೆಂದರೂ ಅನುಮಾನ ಪಡುವ ಜೀವ.

ಪಿಂಚಣಿಯ ಒಂದು ಪಾಲನ್ನು ಬಿಟ್ಟುಕೊಟ್ಟರೆ ಇಡಿಗಂಟು ಕೊಡುತ್ತಾರೆ, ಆ ಪಾಲನ್ನು ಹದಿನೈದು ವರ್ಷ ಹಿಡಿದುಕೊಂಡು ಮತ್ತೆ ಸೇರಿಸುತ್ತಾರೆ ಎಂದು ನಿವೃತ್ತಿಯಾದಾಗಲೇ ಸಹೋದ್ಯೋಗಿಗಳು ಹೇಳಿದ್ದರು. "ಇದ್ರಲ್ಲೇನೋ ಮರ್ಮ ಇದೆ" ಎಂದು ಮಾವ ಮೂಗು ಮುರಿದರು. ಎರಡು ವರ್ಷ ಕಳೆದು, ಮಳೆಗೆ ಅಡುಗೆಮನೆ ಸೋರತೊಡಗಿದಾಗ, ಆ ಇಡಿಗಂಟು ತಗೊಳ್ಳಲೇಬೇಕೆಂದು ಅವರ ಹೆಂಡತಿ, ಬೀದಿಯವರ ಅತ್ತೆ, ಪಟ್ಟು ಹಿಡಿದರು. ನಿವೃತ್ತಿಯಾಗಿ ಒಂದು ವರ್ಷ ದಾಟಿದ ಮೇಲೆ ಕೇಳಿದ್ದರಿಂದ ನಿಯಮದಂತೆ ವೈದ್ಯಕೀಯ ತಪಾಸಣೆಯೂ ಆಗಬೇಕಾಯಿತು. ವೈದ್ಯರೆದುರು ಮಾವ ಹೊಟ್ಟೆ ಒಳಗೆಳೆದು ಎದೆ ಸೆಟೆಸಿ ನಿಂತರು. "ಉಸಿರು ಬಿಡಿ ಯಜಮಾನ್ರೇ, ನಿಮ್ಮನ್ನ ಸೈನ್ಯಕ್ಕೆ ಸೇರಿಸ್ತಾ ಇಲ್ಲ" ಎಂದರಂತೆ ವೈದ್ಯರು. ಹಣ ಬಂತು, ಅಡುಗೆಮನೆಗೆ ಹೊಸ ಸೂರಾಯಿತು.

ನಿವೃತ್ತಿಯಾಗಿ ಹದಿನೈದು ವರ್ಷ ತುಂಬಿದ ಮರುದಿನವೇ ಮಾವ ಇಸ್ತ್ರಿ ಅಂಗಿ ತೊಟ್ಟು ಖಜಾನೆಗೆ ಹೋದರು.

"ನನ್ನ ಪಾಲು ನಂಗೆ ವಾಪಸ್ ಹಾಕ್ಕೊಡಮ್ಮ."

ಪಿಂಚಣಿ ನೋಡಿಕೊಳ್ಳುವ ಗುಮಾಸ್ತೆ, ಅದೇ ಬೀದಿಯವಳು, ಕಡತ ತಿರುವಿ ನಕ್ಕಳು. "ನಿವೃತ್ತಿ ದಿನದಿಂದ ಅಲ್ಲ ಮಾವ, ನಿಮ್ಮ ಪಿಂಚಣಿ ಕಡಿಮೆಯಾದ ದಿನದಿಂದ ಲೆಕ್ಕ. ನೀವು ತಡವಾಗಿ ತಗೊಂಡಿದ್ದೀರಿ. ಇನ್ನೂ ಎರಡು ವರ್ಷ ಇದೆ."

ಮನೆಗೆ ಬಂದು ಮುಖ ಊದಿಸಿಕೊಂಡು ಕುಳಿತರು. "ಎರಡು ವರ್ಷ ಇರ್ತೀನೋ ಇಲ್ವೋ!"

"ಆಗ ಅನುಮಾನ ಪಟ್ಟಿದ್ದಕ್ಕೆ ಈಗ ಬಾಳಲೇಬೇಕು" ಎಂದರು ಅತ್ತೆ. "ಸಾಯೋಕೂ ಪುರುಸೊತ್ತಿಲ್ಲ ನಿಮ್ಗೆ."

ಮಾವ ಮರುದಿನದಿಂದಲೇ ನಡೆಯತೊಡಗಿದರು. ಬೆಳಿಗ್ಗೆ ಎದ್ದು ಉದ್ಯಾನಕ್ಕೆ ಎಂಟು ಸುತ್ತು. ಕರಿದದ್ದು ಬಿಟ್ಟರು, ಬೀಡಿಯನ್ನೂ ಬಿಟ್ಟರು. ಬೀದಿಯವರು ಕೇಳಿದರೆ, "ಸರ್ಕಾರಕ್ಕೆ ಲಾಭ ಮಾಡ್ಕೊಡೋ ಆಸೆ ನಂಗಿಲ್ಲ" ಎನ್ನುತ್ತಿದ್ದರು.

ಅವಧಿ ಮುಗಿಯಿತು. ಮುಂದಿನ ತಿಂಗಳ ಪಿಂಚಣಿ ಮಾತ್ರ ಹಿಂದಿನಷ್ಟೇ ಬಂತು. ಮಾವ ಈ ಸಲ ಜಗಳಕ್ಕೆ ಸಿದ್ಧರಾಗಿ, ಪಿಂಚಣಿ ಆದೇಶದ ನಕಲನ್ನು ಅರ್ಜಿಗೆ ಲಗತ್ತಿಸಿ ಹೋದರು. ಅದೇ ಗುಮಾಸ್ತೆ ಕಂಪ್ಯೂಟರ್ ನೋಡಿ ನಾಲಿಗೆ ಕಚ್ಚಿಕೊಂಡಳು. ಹಳೆಯ ಕಡತವನ್ನು ಕಂಪ್ಯೂಟರಿಗೆ ಏರಿಸುವಾಗ ಕಡಿತ ಶುರುವಾದ ತಾರೀಖನ್ನೇ ಬಿಟ್ಟಿದ್ದರು.

"ತಪ್ಪು ನಮ್ದು ಮಾವ. ತಾರೀಖು ಸೇರಿಸಿ ಮೇಲಿನವರಿಗೆ ಕಳಿಸ್ತೀನಿ. ಅವಧಿ ಮುಗಿದ ದಿನದಿಂದ ಬಾಕಿನೂ ಸೇರಿ ಬರತ್ತೆ."

ಜಗಳಕ್ಕೆ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ವ್ಯರ್ಥವಾಯಿತು. ಮಾವ "ಊಟ ಆಯ್ತೇನಮ್ಮ?" ಎಂದು ಕೇಳಿ ಎದ್ದು ಬಂದರು.

ಮುಂದಿನ ತಿಂಗಳು ಪಿಂಚಣಿ ಪೂರ್ತಿ ಬಂತು, ಬಾಕಿಯ ಸಮೇತ. ಮಾವ ಬ್ಯಾಂಕಿನ ಪಾಸ್‌ಬುಕ್ಕನ್ನು ಕನ್ನಡಕ ಹಾಕಿಯೂ ತೆಗೆದೂ ನೋಡಿದರು.

"ಇನ್ನು ಆ ನಡಿಗೆ ನಿಲ್ಲಿಸ್ತೀರಾ?" ಎಂದರು ಅತ್ತೆ.

"ಯಾಕೆ ನಿಲ್ಲಿಸ್ಲಿ? ಇಷ್ಟು ವರ್ಷ ಸರ್ಕಾರದವರು ತಗೊಂಡ್ರು. ಇನ್ಮೇಲೆ ನನ್ನ ಸರದಿ" ಎಂದು ಮಾವ ಚಪ್ಪಲಿ ಮೆಟ್ಟಿದರು. ಅತ್ತೆಯೂ ಸೆರಗು ಸರಿಮಾಡಿಕೊಂಡು ಜೊತೆಗೆ ಹೊರಟರು.