ಬಿಟ್ಟಿ ಮನೆಯ ಬೆಲೆ

ನನ್ನ ಗಂಡ ಲೆಕ್ಕದಲ್ಲಿ ತಪ್ಪುವವರಲ್ಲ. ಇದನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಆಗಾಗ ಲೆಕ್ಕ ತಪ್ಪುವವರಿಗೆ ತಮ್ಮ ಮೇಲೆ ಒಂದಿಷ್ಟು ಅನುಮಾನ ಇರುತ್ತದೆ, ಹೆಂಡತಿಯ ಮಾತಿಗೆ ಕಿವಿ ಕೊಡುತ್ತಾರೆ. ಇವರಿಗೆ ಆ ಅಗತ್ಯವೇ ಬೀಳಲಿಲ್ಲ.

ಎಪ್ಪತ್ತರ ದಶಕ ಆಗ ತಾನೇ ಶುರುವಾಗಿತ್ತು. ಕಲ್ಕತ್ತೆಯ ಒಂದು ಯಂತ್ರೋಪಕರಣದ ಕಂಪನಿಯಲ್ಲಿ ಅವರು ಅಕೌಂಟ್ಸ್ ಆಫೀಸರ್. ಕಂಪನಿ ಬಾಲಿಗಂಜ್‌ನಲ್ಲಿ ನಮಗೊಂದು ಫ್ಲ್ಯಾಟ್ ಕೊಟ್ಟಿತ್ತು. ಮೂರು ದೊಡ್ಡ ಕೋಣೆ, ಕೆಂಪು ನೆಲ, ಹಸಿರು ಬಣ್ಣದ ಮರದ ಕಿಟಕಿಗಳು. ಬಾಡಿಗೆ ಇಲ್ಲ. ಊರಿನಿಂದ ಬಂದ ಹೊಸತರಲ್ಲಿ ಅಮ್ಮನಿಗೆ ಕಾಗದ ಬರೆದಿದ್ದೆ, ‘ಬಿಟ್ಟಿ ಮನೆ, ನಮ್ಮ ಪುಣ್ಯ’ ಎಂದು. ಕಾಗದ ಓದಿದ ಗಂಡನಿಗೆ ಆ ಪದ ಹಿಡಿಸಲಿಲ್ಲ.

“ಬಿಟ್ಟಿ ಅಂತ ಬರೀಬೇಡ ಮಾರಾಯ್ತಿ. ಅದು ನನ್ನ ಸಂಬಳದ ಒಂದು ಭಾಗ.”

ಅವರು ಹೇಳಿದ್ದು ಸರಿಯೇ. ಆದರೆ ನಮ್ಮ ಭಾಷೆಯಲ್ಲಿ ಬಿಟ್ಟಿ ಎಂದರೆ ಎರಡು ಅರ್ಥ ಉಂಟು. ಕಾಸಿಲ್ಲದೆ ಸಿಕ್ಕಿದ್ದು ಒಂದು. ಕಾಸಿಲ್ಲದೆ ಮಾಡಿಸಿಕೊಳ್ಳುವ ಚಾಕರಿ ಇನ್ನೊಂದು. ಆ ಮನೆಯಲ್ಲಿ ಎರಡೂ ನಡೆಯುತ್ತಿತ್ತು ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ.

ವರ್ಷಕ್ಕೆ ಎರಡು ಸಲ ಮದ್ರಾಸಿನಿಂದ ಆಡಿಟರುಗಳು ಬರುತ್ತಿದ್ದರು. ಇಬ್ಬರು, ಕೆಲವೊಮ್ಮೆ ಮೂವರು. ಅಪ್ಪಟ ಸಸ್ಯಾಹಾರಿಗಳು. ಕಂಪನಿಯ ಅತಿಥಿಗೃಹದ ಅಡುಗೆಯವನು ಸಾಸಿವೆ ಎಣ್ಣೆಯಲ್ಲಿ ಮೀನು ಹುರಿದ ಬಾಣಲೆಯಲ್ಲೇ ಬದನೆಕಾಯಿಯನ್ನೂ ಹುರಿಯುತ್ತಾನೆ ಎಂದು ಗೊತ್ತಾದ ಮೇಲೆ ಅವರು ಅಲ್ಲಿ ನೀರು ಕೂಡ ಮುಟ್ಟಲಿಲ್ಲ. ಮ್ಯಾನೇಜರರಿಗೆ ನಮ್ಮ ನೆನಪಾಯಿತು. ದಕ್ಷಿಣದವರು, ಸಸ್ಯಾಹಾರಿಗಳು, ಮೇಲಾಗಿ ಇರುವುದು ಕಂಪನಿಯ ಮನೆಯಲ್ಲಿ. ಮುಂದಿನ ಕೋಣೆ ಆಡಿಟರುಗಳದಾಯಿತು. ಮೂರು ವಾರ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಆಫೀಸಿಗೆ ಕ್ಯಾರಿಯರ್, ರಾತ್ರಿ ಸಾರು ಹುಳಿ ಮಜ್ಜಿಗೆ. ಕೊನೆಯ ದಿನ ಕೈಮುಗಿದು, “ಮನೆ ಊಟದ ಹಾಗೇ ಇತ್ತು, ಅಮ್ಮಾ” ಎಂದು ಹೇಳಿ ಹೋಗುತ್ತಿದ್ದರು. ಮನೆ ಊಟದ ಹಾಗೆ ಇರದೆ ಇನ್ನೇನು, ಅದು ಮನೆಯೇ ಅಲ್ಲವೇ?

ಆ ಹೊತ್ತಿಗೆ ನನಗೊಂದು ಆಸೆ ಹುಟ್ಟಿತ್ತು. ಬೆಹಾಲಾದಲ್ಲಿ ಒಬ್ಬರು ತೆಂಗಿನ ತೋಟವನ್ನು ತುಂಡು ಮಾಡಿ ಸೈಟುಗಳಾಗಿ ಮಾರುತ್ತಿದ್ದರು. ಎರಡು ಕಟ್ಟಾ ಜಾಗ, ನಮ್ಮ ಲೆಕ್ಕದಲ್ಲಿ ಮೂರು ಸೆಂಟ್ಸಿಗಿಂತ ಸ್ವಲ್ಪ ಹೆಚ್ಚು. ತಿಂಗಳಿಗೆ ಇನ್ನೂರರಂತೆ ಕಂತು ಕಟ್ಟಬಹುದು. ಬ್ಯಾಂಕಿನಲ್ಲಿದ್ದ ನಮ್ಮೂರಿನವರೊಬ್ಬರು ಆಗಲೇ ಕಟ್ಟತೊಡಗಿದ್ದರು. ನಾನು ಅವರ ಹೆಂಡತಿಯ ಜೊತೆ ಹೋಗಿ ಆ ಜಾಗ ನೋಡಿ ಬಂದಿದ್ದೆ. ಕೆಸರು, ಒಂದು ಕೊಳ, ಬಾತುಕೋಳಿ. ಬಾವಿ ಎಲ್ಲಿ, ಅಡುಗೆಮನೆ ಎಲ್ಲಿ ಎಂದು ಟ್ರಾಮಿನಲ್ಲಿ ಬರುವಾಗಲೇ ಮನಸ್ಸಿನಲ್ಲಿ ಗೆರೆ ಎಳೆದುಕೊಂಡಿದ್ದೆ. ಆದರೆ ಎಂಟುನೂರು ರೂಪಾಯಿ ಸಂಬಳದಲ್ಲಿ ಊರಿಗೆ ಕಳಿಸಿ, ಮಕ್ಕಳ ಶಾಲೆಗೆ ಕೊಟ್ಟು, ಇನ್ನೂರು ಎಲ್ಲಿ ಉಳಿಯಬೇಕು?

ಆಗಲೇ ಇನ್ನೊಂದು ಕಂಪನಿಯಿಂದ ಅವರಿಗೆ ಕರೆ ಬಂತು. ಅದೇ ಊರು, ಅದೇ ಬಗೆಯ ಕೆಲಸ. ಮೂಲ ಸಂಬಳ ಸಾವಿರದ ಇಪ್ಪತ್ತೈದು, ಮೇಲೆ ಇನ್ನೂರ ಇಪ್ಪತ್ತೈದು ಮನೆ ಬಾಡಿಗೆ ಭತ್ಯೆ. ಮನೆ ಕೊಡುವುದಿಲ್ಲ, ನಾವೇ ಹುಡುಕಿಕೊಳ್ಳಬೇಕು. ಕಾಗದ ಓದಿದಾಗ ನನಗೆ ಬೆಹಾಲಾದ ಕೊಳ ಕಣ್ಣಿಗೆ ಕಟ್ಟಿತು.

ಭಾನುವಾರ ಬೆಳಿಗ್ಗೆ ಅವರು ಊಟದ ಮೇಜಿನ ಮೇಲೆ ಒಂದು ಹಾಳೆ ಇಟ್ಟುಕೊಂಡು ನಡುವೆ ಗೆರೆ ಹೊಡೆದರು. ಅದಕ್ಕೆ ಮೊದಲೇ ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಇಂಥದೇ ಫ್ಲ್ಯಾಟಿಗೆ ಮಾರವಾಡಿ ಸಂಸಾರವೊಂದು ತಿಂಗಳಿಗೆ ಆರುನೂರು ಕೊಡುತ್ತಿದೆ ಎಂದು ವಿಚಾರಿಸಿಕೊಂಡು ಬಂದಿದ್ದರು.

“ನೋಡು, ಇಲ್ಲಿ ಎಂಟುನೂರು, ಮನೆಗೆ ಆರುನೂರು, ಒಟ್ಟು ಸಾವಿರದ ನಾನೂರು. ಅಲ್ಲಿ ಎಲ್ಲ ಸೇರಿ ಸಾವಿರದ ಇನ್ನೂರ ಐವತ್ತು. ಹೋದ್ರೆ ತಿಂಗಳಿಗೆ ನೂರೈವತ್ತು ನಷ್ಟ. ಇನ್ನೂ ಉಂಟು. ಈ ಮನೆಗೆ ತೆರಿಗೆಯ ಕಾಗದದಲ್ಲಿ ಕಾರ್ಪೊರೇಷನ್ನಿನ ಹಳೇ ಮೌಲ್ಯ ಹಿಡಿದು ತೊಂಬತ್ತೇ ರೂಪಾಯಿ ಬೀಳ್ತದೆ. ಆರುನೂರರ ವಸ್ತುವಿಗೆ ತೊಂಬತ್ತರ ಮೇಲೆ ತೆರಿಗೆ!”

“ಭತ್ಯೆಗೂ ತೆರಿಗೆಯಲ್ಲಿ ಒಂದಿಷ್ಟು ಬಿಡ್ತಾರೆ ಅಂತ ನೀವೇ ಹೇಳಿದ್ರಲ್ಲ?”

“ಬಿಡ್ತಾರೆ. ಬಾಡಿಗೆ ಕಟ್ಟಿದ ರಸೀದಿ ಇದ್ರೆ, ಅದ್ರಲ್ಲೂ ಒಂದು ಭಾಗ ಮಾತ್ರ.”

ನಾನು ಮ್ಯಾಟ್ರಿಕ್‌ನಲ್ಲಿ ಗಣಿತಕ್ಕೆ ಎಂಬತ್ತೆರಡು ತೆಗೆದವಳು. ಮದುವೆ ಆದ ಮೇಲೆ ಆ ಎಂಬತ್ತೆರಡನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವತ್ತು ಮಾತ್ರ ಬಾಯಿ ಬಿಟ್ಟೆ.

“ಒಂದು ಕೇಳ್ತೇನೆ. ನಮ್ಮ ಕೈಯಿಂದ ಕೊಡುದಾದ್ರೆ ನೀವು ಆರುನೂರು ಕೊಟ್ಟು ಈ ಮನೆಯಲ್ಲಿ ಇರ್ತಿದ್ರಾ?”

“ನಾವಾ? ಹುಚ್ಚಾ ನಿಂಗೆ?”

“ಎಷ್ಟು ಕೊಡ್ತಿದ್ರಿ?”

“ಬೆಹಾಲಾ ಕಡೆ ಎರಡು ಕೋಣೆ, ಇನ್ನೂರು.”

“ಹಾಗಾದ್ರೆ ಈ ಮನೆಗೆ ನಮ್ಮ ಮಟ್ಟಿಗೆ ಇನ್ನೂರೇ ಬೆಲೆ. ಉಳಿದ ನಾನೂರು ಮಾರವಾಡಿಯವರ ಬೆಲೆ, ನಮ್ಮದಲ್ಲ. ಅದನ್ನು ತೆಗೆದುಕೊಂಡು ಹೋಗಿ ಸೈಟಿನ ಕಂತು ಕಟ್ಲಿಕ್ಕೆ ಆಗ್ತದಾ? ಅಲ್ಲಿಗೆ ಹೋದ್ರೆ ಇನ್ನೂರು ಬಾಡಿಗೆ ಕೊಟ್ಟೂ ಸಾವಿರದ ಐವತ್ತು ಕೈಗೆ ಬರ್ತದೆ. ಇಲ್ಲಿ ಎಂಟುನೂರು. ಮತ್ತೆ ಪ್ರಾವಿಡೆಂಟ್ ಫಂಡು, ಗ್ರಾಚುಟಿ ಎಲ್ಲ ಮೂಲ ಸಂಬಳದ ಮೇಲೆ ಅಲ್ವಾ? ಮನೆಯ ಮೇಲೆ ಯಾರೂ ಫಂಡು ಕಟ್ಟುದಿಲ್ಲ.”

ಅವರು ಪೆನ್ನಿನ ಮುಚ್ಚಳ ಹಾಕಿದರು. ಕೋಪದಿಂದಲ್ಲ. ಮಕ್ಕಳು ಹೋಮ್‌ವರ್ಕಿನಲ್ಲಿ ಅಪ್ಪಿತಪ್ಪಿ ಸರಿಯಾದ ಉತ್ತರ ಬರೆದಾಗ ನಗುವ ಹಾಗೆ ನಕ್ಕರು.

“ಕಾಸ್ಟಿಂಗ್ ಅಂದ್ರೆ ಮಾರ್ಕೆಟ್ ರೇಟು ಹಿಡಿಯುದು. ನಿನ್ನ ಆಸೆಯ ರೇಟು ಅಲ್ಲ.”

“ಹಾಗಾದ್ರೆ ಆಡಿಟರುಗಳ ಊಟಕ್ಕೂ ಮಾರ್ಕೆಟ್ ರೇಟು ಹಿಡೀರಿ. ಹೋಟೆಲಿನಲ್ಲಿ ಎಷ್ಟಾಗ್ತದೆ ಅಂತ ಆ ಕಡೆ ಬರೀರಿ.”

“ಅದನ್ನೆಲ್ಲ ಲೆಕ್ಕಕ್ಕೆ ಹಿಡೀಲಿಕ್ಕೆ ಆಗ್ತದಾ? ಎಂತ ಮಾತಾಡ್ತಿ ನೀನು!”

ಆ ಹಾಳೆಯಲ್ಲಿ ನನಗೆ ಜಾಗ ಇರಲಿಲ್ಲ. ಅವರು ಕೆಟ್ಟವರಲ್ಲ, ಕುಡಿಯುವವರಲ್ಲ, ನನ್ನ ಮೇಲೆ ಒಂದು ದಿನ ಕೈ ಎತ್ತಿದವರಲ್ಲ. ಆದರೆ ನನ್ನ ದುಡಿಮೆ ಅವರಿಗೆ ಲೆಕ್ಕಕ್ಕೆ ಬರುವ ವಸ್ತುವಾಗಿ ಕಾಣಲೇ ಇಲ್ಲ. ಕಾಣದ್ದಕ್ಕೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ನನಗೆ ಸಿಟ್ಟು ಬಂತು, ಈಗಲೂ ಉಂಟು.

ಅವರು ಆ ಕೆಲಸಕ್ಕೆ ಒಲ್ಲೆ ಎಂದು ಬರೆದರು. ನಾನು ಬೆಹಾಲಾಕ್ಕೆ ಮತ್ತೆ ಹೋಗಲಿಲ್ಲ. ಮುಂದಿನ ತಿಂಗಳು ಆಡಿಟರುಗಳು ಬಂದರು, ನಾನು ಉದ್ದು ನೆನೆಹಾಕಿದೆ.

ಕೆಲವು ವರ್ಷಗಳ ಮೇಲೆ ಕಂಪನಿಯಲ್ಲಿ ಒಂದು ತಕರಾರು ಬಂತು. ವರ್ಗವಾಗಿ ಹೋದ ಇಂಜಿನಿಯರ್ ಒಬ್ಬರು ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಫ್ಲ್ಯಾಟು ಬಿಡದೆ ಕೂತರು. ಅವಧಿ ಮೀರಿ ಇದ್ದವರಿಂದ ಎಷ್ಟು ವಸೂಲು ಮಾಡಬೇಕು ಎಂದು ಮ್ಯಾನೇಜರರು ಕೇಳಿದಾಗ ನಮ್ಮವರ ಕೈಯಲ್ಲಿ ಅಂಕಿ ತಯಾರಿತ್ತು. ಕೆಲಸ ಬಿಟ್ಟವರಿಗೂ ವರ್ಗವಾದವರಿಗೂ ಒಂದು ತಿಂಗಳು ಪುಕ್ಕಟೆ. ಆಮೇಲೆ ಮಾರ್ಕೆಟ್ ಬಾಡಿಗೆ, ಬರಬೇಕಾದ ಹಣದಲ್ಲಿ ಮುರಿದುಕೊಳ್ಳುವುದು. ಬಾಲಿಗಂಜ್ ಫ್ಲ್ಯಾಟುಗಳಿಗೆ ತಿಂಗಳಿಗೆ ಆರುನೂರು. ಆ ನಿಯಮವನ್ನು ಬರೆದವರು ಅವರೇ. ಇಂಜಿನಿಯರರ ಹೆಂಡತಿ ನನ್ನ ಹತ್ತಿರ ಬಂದು ಅತ್ತಾಗ ನಾನು ಕಾಫಿ ಕೊಟ್ಟೆ, ಬೇರೆ ಏನೂ ಮಾಡಲು ಆಗಲಿಲ್ಲ.

ಕಲ್ಕತ್ತೆಯ ಗಾಳಿ ಆಗಲೇ ಕೆಟ್ಟಿತ್ತು. ಇವತ್ತು ಘೇರಾವ್, ನಾಳೆ ಕಾರ್ಖಾನೆಗೆ ಬೀಗ. ದಿನದ ಅರ್ಧ ಹೊತ್ತು ಕರೆಂಟಿಲ್ಲ. ಒಂದೊಂದೇ ಕಂಪನಿ ಬೊಂಬಾಯಿಗೆ ಹೊರಟಿತು, ನಮ್ಮದೂ ಹೊರಟಿತು. ಕಲ್ಕತ್ತೆಯ ಆಫೀಸು ಮುಚ್ಚುವುದು, ಕೆಲವರನ್ನು ಬಿಟ್ಟು ಎಲ್ಲರಿಗೂ ಲೆಕ್ಕ ತೀರಿಸುವುದು ಎಂದಾಯಿತು. ಉಳಿಸಿಕೊಂಡ ಕೆಲವರಲ್ಲಿ ನಮ್ಮವರ ಹೆಸರಿರಲಿಲ್ಲ. ಎಲ್ಲರ ಲೆಕ್ಕ ತೀರಿಸುವ ಕೆಲಸ ಮಾತ್ರ ಅವರಿಗೇ ಬಂತು.

ತಮ್ಮ ಲೆಕ್ಕವನ್ನು ಅವರು ಕೊನೆಗೆ ಮಾಡಿದರು. ಗ್ರಾಚುಟಿ, ಮೂಲ ಸಂಬಳದ ಮೇಲೆ. ಫಂಡು, ಮೂಲ ಸಂಬಳದ ಮೇಲೆ. ನೋಟಿಸಿನ ಸಂಬಳ, ಉಳಿದ ರಜೆಯ ಸಂಬಳ. ಅಷ್ಟು ವರ್ಷ ಸಂಬಳದ ಭಾಗವೆಂದು ಕೂಡುತ್ತಾ ಬಂದ ಮನೆ ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಆ ಇನ್ನೊಂದು ಕಂಪನಿಗೆ ಹೋಗಿ ವಿಚಾರಿಸಿದರು. ಅಲ್ಲೂ ಜನ ಕಡಿಮೆ ಮಾಡುತ್ತಿದ್ದರು.

ಮನೆ ಹುಡುಕಲು ಹೊರಟೆವು. ಬೆಹಾಲಾದಲ್ಲಿ ಎರಡು ಕೋಣೆಗೆ ಬಾಡಿಗೆಯ ಮಾತಿಗೆ ಮೊದಲು ಸೆಲಾಮಿಯ ಮಾತು ಬರುತ್ತಿತ್ತು. ಸೆಲಾಮಿ ಎಂದರೆ ರಸೀದಿ ಇಲ್ಲದೆ ಮನೆಯೊಡೆಯನ ಕೈಗೆ ಹಾಕುವ ಇಡಿಗಂಟು. ಜಾದವ್‌ಪುರದಲ್ಲಿಯೂ ಅದೇ. ಲೆಕ್ಕದ ದುಡ್ಡು ಕೈಗೆ ಬಂದ ಮೇಲೇ ಸೆಲಾಮಿ ಕೊಡಲು ಸಾಧ್ಯ. ಫ್ಲ್ಯಾಟಿನ ಬೀಗದಕೈ ಕೊಡದೆ ಲೆಕ್ಕದ ದುಡ್ಡು ಬರುವುದಿಲ್ಲ. ಕೊನೆಗೆ ಬ್ಯಾಂಕಿನ ಆ ನಮ್ಮೂರಿನವರು ಸಾಲ ಕೊಟ್ಟರು. ಅಷ್ಟರಲ್ಲಿ ಪುಕ್ಕಟೆಯ ಒಂದು ತಿಂಗಳು ಮುಗಿದು, ಮೇಲೆ ಎರಡು ತಿಂಗಳು ಕಳೆದಿತ್ತು.

ಹೊರಡುವ ಹಿಂದಿನ ದಿನ ಅವರು ಅದೇ ಮೇಜಿನ ಎದುರು ಕೂತು ತಮ್ಮ ಕಾಗದದಲ್ಲಿ ಕಳೆಯಬೇಕಾದದ್ದನ್ನು ಬರೆಯುತ್ತಿದ್ದರು. ರಜೆಯ ಸಂಬಳದಲ್ಲಿ ಸಾವಿರದ ಇನ್ನೂರು ಮುರಿದರು.

“ಮ್ಯಾನೇಜರರಿಗೆ ಒಂದು ಮಾತು ಬರೆದು ಕೇಳ್ಬಹುದಲ್ಲ, ಬಿಟ್ಟುಬಿಡಿ ಅಂತ? ಇಷ್ಟು ವರ್ಷ ಅವರ ಆಡಿಟರುಗಳಿಗೆ ಬೇಯಿಸಿ ಹಾಕಿದ್ದೇನೆ.”

“ಇಂಜಿನಿಯರರಿಗೆ ಮುರಿದವ ನಾನೇ. ನಂಗೆ ಮಾತ್ರ ಬಿಡಿ ಅಂತ ಹೇಗೆ ಕೇಳುದು?”

ಆ ಪ್ರಾಮಾಣಿಕತೆಗೆ ನಾನು ತಲೆಬಾಗಲು ಸಿದ್ಧಳಿದ್ದೆ. ನಿಜವಾಗಿ ಹೇಳುತ್ತೇನೆ, ಅವರ ಮೇಲೆ ಕನಿಕರ ಬಂದು ಭುಜದ ಮೇಲೆ ಕೈ ಇಡಲು ಹತ್ತಿರ ಹೋಗಿದ್ದೆ. ಅವರು ಸಹಿ ಹಾಕಿ, ಶಾಯಿ ಒಣಗಲೆಂದು ಕಾಗದವನ್ನು ಎತ್ತಿ ಹಿಡಿದು, ನನ್ನ ಮುಖ ನೋಡಿದರು. ಕೆಲಸ ಕಳೆದುಕೊಂಡ ಮೇಲೆ ಮೊದಲ ಸಲ ಅವರ ಮುಖದಲ್ಲಿ ಒಂದು ಸಮಾಧಾನ ಕಂಡಿತು.

“ನೋಡಿದ್ಯಾ? ಅವತ್ತು ನೀನು ಇನ್ನೂರು ಅಂದಿ. ಆರುನೂರೇ ಸರಿ ಇತ್ತು.”