ಪೆತ್ರೋನಿಲಾಳ ಸೀಗಡಿಯೂ ಜಪದ ಗಡಿಯಾರವೂ

ಮಸತ್ಲಾನ್ ಬಂದರಿನ ಹೆಂಗಸರು ಸೀಗಡಿ ಮಾರುವ ಬೀದಿಯಲ್ಲಿ ಒಲೆ ಇರುವುದು ಪೆತ್ರೋನಿಲಾಳದೊಂದೇ. ಉಳಿದವರು ಹಸಿ ಸೀಗಡಿಯನ್ನು ಬೋಗುಣಿಯಲ್ಲಿ ಮಂಜುಗಡ್ಡೆಯ ಮೇಲಿಟ್ಟು ಕೂಗುತ್ತಾರೆ. ಇವಳು ಕೂಗುವುದಿಲ್ಲ, ಬೆಳ್ಳುಳ್ಳಿಯ ಘಮವೇ ಅವಳ ಪರವಾಗಿ ಕೂಗುತ್ತದೆ. ಚಿಕ್ಕಂದಿನಲ್ಲಿ ಅವಳೂ ಬೋಗುಣಿಯವಳೇ. ಮಾರಿ ಉಳಿದದ್ದನ್ನು ಸಂಜೆ ಹುರಿಯಲು ಶುರುಮಾಡಿದವಳು, ಹಸಿಯದಕ್ಕಿಂತ ಹುರಿದದ್ದಕ್ಕೆ ಗಿರಾಕಿ ಹೆಚ್ಚೆಂದು ಕಂಡಮೇಲೆ ಬೋಗುಣಿ ಬಿಟ್ಟು ಬಾಣಲೆ ಹಿಡಿದಳು.

ಗಡಿಯಾರ ನೋಡಿ ಹುರಿಯುವುದು ಅವಳ ಅಮ್ಮನ ಕಾಲದಿಂದಲೂ ಇಲ್ಲ. ಎಣ್ಣೆ ಚೆನ್ನಾಗಿ ಕಾಯಬೇಕು, ಬಟ್ಟೆಯಲ್ಲಿ ಒತ್ತಿ ಒಣಗಿಸಿದ ಸೀಗಡಿ ಬಿದ್ದ ಕೂಡಲೇ ಚುರ್ರೆನ್ನಬೇಕು. ಒಂದು ಮಗ್ಗುಲಿಗೆ ಮೂರು ‘ನಮೋ ಮರಿಯಾ’ ಜಪ ಹೇಳಿ ಮುಗಿಸುವಷ್ಟು ಹೊತ್ತು, ಮಗುಚಿ ಎರಡು. ಕೊನೆಯದರಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಆಮೇಲೆ ತಟ್ಟೆಗೆ. ಬಂದರಿನ ಅರ್ಧ ಅಡಿಗೆಮನೆಗಳ ಲೆಕ್ಕವೇ ಅದು.

ಈ ವರ್ಷ ಗಿರಾಕಿಗಳು ಸದ್ದಿಲ್ಲದೆ ಕರಗತೊಡಗಿದರು. ಕೊನೆಗೆ ನಸಾರಿಯೋ ಬಾಯಿಬಿಟ್ಟ. ಅವನು ದೋಣಿಯ ನಾಯಕ. ಆಳಕಡಲ ಮೀನುಗಾರಿಕೆಯ ಹಂಗಾಮು ತೆರೆಯುವ ಮುನ್ನ ಅವನ ಆಳುಗಳ ಬೀಳ್ಕೊಡುಗೆ ಊಟ ಯಾವಾಗಲೂ ಇವಳ ಬಾಣಲೆಯದೇ. ಆ ಊಟ ಯಾರ ಕೈಯದೋ, ವರ್ಷವಿಡೀ ದೋಣಿ ನಿಲ್ಲುವ ದಕ್ಕೆಯ ಜನ ಅವರಲ್ಲಿಗೇ ಹೋಗುತ್ತಾರೆ.

“ಪೆತ್ರೋನಿಲಮ್ಮ, ಬೇಜಾರ್ ಮಾಡ್ಕೋಬೇಡಿ. ಹೋದ್ಸಲ ಅಗಿದೂ ಅಗಿದೂ ದವಡೆ ನೋವ್ ಬಂತು. ಶನಿವಾರ ಬರ್ತೀನಿ, ಒಂದ್ ತಟ್ಟೆ ಕೊಡಿ. ಸರಿಹೋದ್ರೆ ಊಟ ನಿಮ್ದೇ. ಇಲ್ದಿದ್ರೆ ಬೇರೆ ಕಡೆ ನೋಡ್ತೀನಿ.”

ಅವಳು ಎಣ್ಣೆ ಬದಲಿಸಿದಳು. ಒಲೆಯನ್ನು ಬೈದಳು. ರಬ್ಬರಿನಂಥ ಸೀಗಡಿ ರಬ್ಬರಾಗಿಯೇ ಉಳಿಯಿತು. ಇನ್ನುಳಿದದ್ದು ಸೀಗಡಿಯೇ. ಅದನ್ನು ಕೊಡುವವಳು ಎದುರಿನ ಬೋಗುಣಿಯ ನಾದಿನಿ ಒಬ್ದುಲಿಯಾ.

“ಒಬ್ದುಲಿಯಾ, ನನಗ್ ಹಳೇ ಮಾಲು ಸಾಗಹಾಕ್ತಿದ್ದೀಯಲ್ಲ, ನಿಜ ಹೇಳು.”

ಒಬ್ದುಲಿಯಾ ಬೈಗುಳಕ್ಕೆ ಬಗ್ಗುವವಳಲ್ಲ. ಮಾಲಿಗೆ ಅಂದರೆ ಮಾತ್ರ ರಕ್ತ ಕುದಿಯುತ್ತದೆ. “ಬೆಳಿಗ್ಗೆ ಇಳಿದದ್ದು, ಅತ್ತಿಗೆ. ನಿಮಗೆ ಹಳೇದು ಕೊಟ್ರೆ ಅಣ್ಣ ಕನಸಲ್ಲಿ ಬಂದು ಕಿವಿ ಹಿಂಡ್ತಾನೆ. ನಡೀರಿ, ನನ್ನ ಕಣ್ಣೆದುರಿಗೇ ಹುರೀರಿ.”

ಬಂದು ಒಲೆಯ ಪಕ್ಕ ಕೈಕಟ್ಟಿ ನಿಂತಳು. ಪೆತ್ರೋನಿಲಾ ಸೀಗಡಿ ಹಾಕಿ ತುಟಿ ಅಲುಗಿಸಿದಳು. ಒಬ್ದುಲಿಯಾಳೂ ಮೆಲ್ಲಗೆ ಜಪಿಸತೊಡಗಿದಳು, ಬೀದಿಯವರೆಲ್ಲ ಜಪಿಸುವ ವೇಗದಲ್ಲಿ. ಇವಳ ಮೂರು ಮುಗಿದರೂ ಅತ್ತಿಗೆಯ ಎರಡನೆಯದೇ ಮುಗಿದಿರಲಿಲ್ಲ. ಸೀಗಡಿಗಳು ಅರ್ಧಚಂದ್ರನಂತೆ ಬಾಗಿ, ಬಾಗಿದ್ದು ಸಾಲದೆ ಬಾಲ ತಲೆಗೆ ತಾಗಿಸಿ ಉಂಗುರವಾಗುತ್ತಿದ್ದವು.

“ಅತ್ತಿಗೆ, ನಿಮ್ಮ ಜಪ ಎಲ್ಲಿ ನಿಲ್ತಾ ಇದೆ?”

ಪೆತ್ರೋನಿಲಾ ಬಾಣಲೆಯನ್ನು ಒಲೆಯಿಂದ ಇಳಿಸಿದಳು. ಅವಳಿಗೂ ಆಗಲೇ ಗೊತ್ತಾಯಿತು. ಜಪದ ಕೊನೆಯಲ್ಲಿ ‘ನಮ್ಮ ಮರಣದ ಗಳಿಗೆಯಲ್ಲೂ ನಮಗಾಗಿ ಪ್ರಾರ್ಥಿಸು’ ಎಂಬ ಮಾತು ಬರುತ್ತದಲ್ಲ, ಅಲ್ಲಿ. ಹೋದ ವರ್ಷ ಗಂಡ ಎಲೆವುತೇರಿಯೋನ ದೋಣಿ ಬಿರುಗಾಳಿಗೆ ಸಿಕ್ಕಿ ಹಿಂತಿರುಗದೆ ಹೋದಂದಿನಿಂದ ಆ ಮಾತಿನ ಬಳಿ ಅವಳು ನಿಲ್ಲುತ್ತಿದ್ದಳು. ಅವನ ಗಳಿಗೆಯಲ್ಲಿ ಯಾರಿದ್ದರೋ ಎಂದು ಕೇಳಿಕೊಳ್ಳುವಷ್ಟು ಹೊತ್ತು. ಪ್ರತಿ ಜಪಕ್ಕೂ ಒಮ್ಮೆ, ಪ್ರತಿ ಬಾಣಲೆಗೆ ಐದು ಸಲ.

“ಮಾಲು ಚೆನ್ನಾಗೇ ಇದೆ,” ಎಂದಳು ಕೊನೆಗೆ.

“ಅದನ್ನ ಬೀದಿಗೆ ಕೇಳೋ ಹಾಗೆ ಹೇಳಿ,” ಎಂದಳು ಒಬ್ದುಲಿಯಾ. ಆಮೇಲೆ ದನಿ ತಗ್ಗಿಸಿ ಸೇರಿಸಿದಳು: “ಅಣ್ಣನಿಗಾಗಿ ಬಿಡುವು ಮಾಡ್ಕೊಂಡು ಪ್ರಾರ್ಥನೆ ಮಾಡೋಣ ಅತ್ತಿಗೆ. ಸೀಗಡಿಗೆ ಮಾತ್ರ ಬಿಡುವಿಲ್ಲ.”

ಶನಿವಾರ ನಸಾರಿಯೋ ಬಂದು ಮೊಣಕೈ ಊರಿ ಕೂತ. ಪೆತ್ರೋನಿಲಾ ಒಂದು ಹಿಡಿಯಷ್ಟೇ ಸೀಗಡಿಯನ್ನು ಒಂದಕ್ಕೊಂದು ತಾಗದಂತೆ ಹರಡಿದಳು. ಒಟ್ಟಿಗೆ ಸುರಿದರೆ ಎಣ್ಣೆ ತಣಿದು, ನೀರು ಬಿಟ್ಟು, ಹುರಿಯುವ ಬದಲು ಬೇಯುತ್ತವೆ. ಜಪ ಶುರುವಾಯಿತು. ಗಾಜಿನಂಥ ಬೂದುಬಣ್ಣ ಅಂಚಿನಿಂದ ಗುಲಾಬಿಗೆ ತಿರುಗಿತು. ಆ ಮಾತು ಬಂತು. ನಾಲಿಗೆ ಎಂದಿನಂತೆ ನಿಂತಿತು. ಈ ಸಲ ಅವಳು ನಾಲಿಗೆಯನ್ನು ಕಾಯಲಿಲ್ಲ, ಬಣ್ಣವನ್ನು ನೋಡಿ ಮಗುಚಿದಳು. ಬೆಳ್ಳುಳ್ಳಿ ಬಿತ್ತು. ಸೀಗಡಿಗಳು ಅರ್ಧಚಂದ್ರವಾದ ಕ್ಷಣವೇ, ಉಂಗುರವಾಗುವ ಮೊದಲೇ, ತಟ್ಟೆಗೆ ಸುರಿದಳು. ಬಿಸಿ ಬಾಣಲೆಯಲ್ಲಿ ಬಿಟ್ಟರೆ ಒಲೆ ಆರಿಸಿದರೂ ಬೇಯುತ್ತಲೇ ಇರುತ್ತವೆ.

ನಸಾರಿಯೋ ಒಂದನ್ನು ಕಚ್ಚಿದ. ಇನ್ನೊಂದನ್ನು. ಮೆಕ್ಕೆಜೋಳದ ರೊಟ್ಟಿಯಿಂದ ಎಣ್ಣೆಯನ್ನೂ ಒರೆಸಿಕೊಂಡ.

“ಹುಡುಗರು ಹೊಟ್ಟೆಬಾಕರು, ಅಮ್ಮ. ಸೋಮವಾರಕ್ಕೆ ದೊಡ್ಡ ಬಾಣಲೆ ತನ್ನಿ.”

“ಬಾಣಲೆ ಇದೇ. ಹಿಡಿ ಹಿಡಿಯಾಗಿ ಹುರೀತೀನಿ, ಕಾಯ್ಬೇಕು,” ಎಂದಳು ಅವಳು.

ಅವನು ಹೋದಮೇಲೆ ಒಲೆಯನ್ನು ಆರಿಸಿ, ಸ್ಟೂಲಿನ ಮೇಲೆ ಕೂತು, ಅರ್ಧಕ್ಕೆ ನಿಂತಿದ್ದ ಜಪವನ್ನು ಅದೇ ಮಾತಿನಿಂದ ಎತ್ತಿಕೊಂಡಳು. ಬಹಳ ನಿಧಾನವಾಗಿ. ಎದುರಿನ ಬೋಗುಣಿಯಿಂದ ಒಬ್ದುಲಿಯಾ, ಕೂಗುವುದನ್ನು ನಿಲ್ಲಿಸಿ, ಅವಳ ವೇಗಕ್ಕೇ ತುಟಿ ಅಲುಗಿಸಿದಳು.